ಪಿಇ 4 ಇದ್ದಾಗ ದುಬಾರಿ, ಪಿಇ ಮಾಯವಾದಾಗ ಅಗ್ಗ

ಪ್ರಶ್ನೆ: ಈಚೆಗೆ ಡಿಮ್ಯಾಟ್ ಅಕೌಂಟ್ ತೆರೆದಿದ್ದೇನೆ. ಆ್ಯಪ್‌ನಲ್ಲಿ ಕೆಲವು ಷೇರುಗಳ ಪಿಇ 5-6 ಇದೆ, ಕೆಲವದ್ದು 60-70. ಕಡಿಮೆ ಪಿಇ ಇರೋದನ್ನ ತಗೊಂಡ್ರೆ ಸೇಫ್ ಅಂತ ಫ್ರೆಂಡ್ ಹೇಳ್ತಾನೆ. ನಿಜಾನಾ?

ಎಲ್ಲ ಷೇರುಗಳಿಗೂ ನಿಜವಲ್ಲ. ಸೋಪು, ಬಿಸ್ಕತ್ತು ಮಾರುವ ಕಂಪನಿಗಳ ಲಾಭ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಒಂದೇ ಹದದಲ್ಲಿ ಇರುತ್ತದೆ. ಅಂಥ ಕಡೆ ನಿಮ್ಮ ಸ್ನೇಹಿತರ ಮಾತಿಗೆ ಸ್ವಲ್ಪ ಅರ್ಥ ಇದೆ. ಉಕ್ಕು, ಸಕ್ಕರೆ, ಹಡಗು, ಕೆಮಿಕಲ್ ಥರದ ವ್ಯವಹಾರಗಳಲ್ಲಿ ಮಾತ್ರ ಆ ಸಲಹೆ ಎಷ್ಟೋ ಸಲ ಪೂರ್ತಿ ಉಲ್ಟಾ ಹೊಡೆಯುತ್ತದೆ.

ಮೊದಲು ಲೆಕ್ಕ ನೋಡೋಣ. ಪಿಇ ಅಂದರೆ ಷೇರಿನ ಬೆಲೆಯನ್ನು ಒಂದು ಷೇರಿನ ವಾರ್ಷಿಕ ಲಾಭದಿಂದ ಭಾಗಿಸಿದಾಗ ಬರುವ ಅಂಕಿ. ಒಂದು ಷೇರಿನ ಬೆಲೆ 500 ರೂಪಾಯಿ, ಕಳೆದ ಹನ್ನೆರಡು ತಿಂಗಳಲ್ಲಿ ಕಂಪನಿ ಒಂದು ಷೇರಿಗೆ ಗಳಿಸಿದ ನಿವ್ವಳ ಲಾಭ 20 ರೂಪಾಯಿ ಅಂದರೆ ಪಿಇ 25. ಆ ಕಂಪನಿಯ ಒಂದು ರೂಪಾಯಿ ವಾರ್ಷಿಕ ಲಾಭಕ್ಕೆ ಜನ 25 ರೂಪಾಯಿ ಕೊಡುತ್ತಿದ್ದಾರೆ ಎಂದರ್ಥ. ಇದನ್ನೇ ತಿರುಗಿಸಿ ನೋಡುವುದು ನನಗೆ ಇಷ್ಟ. 20 ಭಾಗಿಸು 500, ಅಂದರೆ ಶೇ 4. ಬ್ಯಾಂಕ್ ಎಫ್‌ಡಿ ಇದಕ್ಕಿಂತ ಜಾಸ್ತಿ ಬಡ್ಡಿ ಕೊಡುವಾಗಲೂ ಜನ ಈ ಷೇರು ಕೊಳ್ಳುತ್ತಾರೆ ಅಂದರೆ, ಈ 20 ರೂಪಾಯಿ ಮುಂದೆ ಬೆಳೆಯುತ್ತದೆ ಅಂತ ಅವರು ನಂಬಿದ್ದಾರೆ. ಪಿಇ 5 ಇದ್ದರೆ ಅದೇ ಲೆಕ್ಕ ಶೇ 20 ಆಗುತ್ತದೆ. ಅಷ್ಟು ಗಳಿಸುವ ಷೇರನ್ನು ಜನ ಯಾಕೆ ಮುಗಿಬಿದ್ದು ಕೊಳ್ಳುತ್ತಿಲ್ಲ? ಈ ಲಾಭ ಹೀಗೇ ಉಳಿಯುವುದಿಲ್ಲ ಅಂತ ಅವರಿಗೆ ಅನುಮಾನ ಇರಬಹುದು.

ಪಿಇ ಹೇಳುವುದು ಇಷ್ಟೇ. ಬೆಲೆ ಅನ್ನುವುದು ಮುಂದಿನ ದಿನಗಳ ಬಗ್ಗೆ ಜನರ ಅಂದಾಜು. ಕೆಳಗೆ ಭಾಗಿಸುವ ಲಾಭ ಮಾತ್ರ ಕಳೆದ ವರ್ಷದ್ದು. ಎರಡೂ ಬೇರೆ ಬೇರೆ ಕಾಲದವು. ಎಡವಟ್ಟು ಶುರುವಾಗುವುದೇ ಇಲ್ಲಿ.

ಟಾಟಾ ಸ್ಟೀಲ್ ತೆಗೆದುಕೊಳ್ಳಿ. 2022ರ ಮಾರ್ಚ್ ಕೊನೆಗೆ ಅದರ ಷೇರು ಸುಮಾರು 130 ರೂಪಾಯಿ. (ಆಗ ತೆರೆಯ ಮೇಲೆ ಕಾಣುತ್ತಿದ್ದದ್ದು 1,300. ಆ ಜುಲೈಯಲ್ಲಿ ಒಂದು ಷೇರನ್ನು ಹತ್ತಾಗಿ ಒಡೆದರು. ಇಲ್ಲಿನ ಬೆಲೆಗಳನ್ನೆಲ್ಲ ಅದಕ್ಕೆ ಹೊಂದಿಸಿ ಬರೆದಿದ್ದೇನೆ.) ಆ ಬೆಲೆಗೆ ಇಡೀ ಕಂಪನಿಯ ಮೌಲ್ಯ ಸುಮಾರು 1.6 ಲಕ್ಷ ಕೋಟಿ ರೂಪಾಯಿ. 2021-22ರ ಒಟ್ಟು ಲಾಭ ಸುಮಾರು 41,750 ಕೋಟಿ. ಭಾಗಿಸಿದರೆ ಪಿಇ 4ಕ್ಕೂ ತುಸು ಕಡಿಮೆ. ದೇಶದ ಹಳೆಯ, ದೊಡ್ಡ ಕಂಪನಿಯೊಂದು ನಾಲ್ಕು ವರ್ಷದ ಲಾಭದ ಬೆಲೆಗೆ ಸಿಗುತ್ತಿದೆ ಅಂದರೆ ಯಾರಿಗೆ ಆಸೆ ಆಗುವುದಿಲ್ಲ ಹೇಳಿ.

ಈಗ ಹಿಂದಿನ ವರ್ಷಗಳ ಲಾಭ ನೋಡಿ. 2018-19ರಲ್ಲಿ ಸುಮಾರು 9,100 ಕೋಟಿ. 2019-20ರಲ್ಲಿ ಬರೀ 1,170 ಕೋಟಿ. 2020-21ರಲ್ಲಿ ಸುಮಾರು 8,200 ಕೋಟಿ. ಆಮೇಲೆ ಒಮ್ಮೆಲೇ 41,750 ಕೋಟಿ! ಒಂದೇ ವರ್ಷದಲ್ಲಿ ಕಂಪನಿ ಐದು ಪಟ್ಟು ದೊಡ್ಡದಾಗಲಿಲ್ಲ. ಏರಿದ್ದು ಉಕ್ಕಿನ ಬೆಲೆ. ಕೋವಿಡ್ ಆದಮೇಲೆ ಜಗತ್ತಿನಲ್ಲೆಲ್ಲ ಉಕ್ಕಿಗೆ ಬೇಡಿಕೆ ಎದ್ದಿತು, ನಮ್ಮಲ್ಲೂ ಬೆಲೆ ಎರಡು ಪಟ್ಟಿನ ಹತ್ತಿರ ಹೋಯಿತು.

ಬೆಲೆ ದುಪ್ಪಟ್ಟಾದರೆ ಲಾಭ ಐದು ಪಟ್ಟು ಹೇಗೆ ಅಂತ ಕೇಳಬಹುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಟನ್ ಉಕ್ಕನ್ನು 50,000ಕ್ಕೆ ಮಾರಿ, 45,000 ಖರ್ಚಾದರೆ ಉಳಿಯುವುದು 5,000. ಬೆಲೆ ಶೇ 20 ಏರಿ 60,000 ಆಯಿತು, ಖರ್ಚು ಅಷ್ಟೇ ಇದೆ ಅಂದುಕೊಳ್ಳಿ. ಲಾಭ 15,000, ಅಂದರೆ ಮೂರು ಪಟ್ಟು. ವಾಸ್ತವದಲ್ಲಿ ಖರ್ಚೂ ಏರುತ್ತದೆ. ಹೊರದೇಶದಿಂದ ತರಿಸುವ ಕಲ್ಲಿದ್ದಲಂತೂ ಏರಿಯೇ ಏರುತ್ತದೆ. ಆದರೆ ಭಾರತದಲ್ಲಿ ಟಾಟಾ ಸ್ಟೀಲ್‌ಗೆ ಕಬ್ಬಿಣದ ಅದಿರು ಬರುವುದು ಸ್ವಂತ ಗಣಿಗಳಿಂದ. ಕುಲುಮೆ, ಸಂಬಳ, ಸಾಲದ ಬಡ್ಡಿ ಇವೆಲ್ಲ ಉಕ್ಕಿನ ಬೆಲೆ ಏರಿತು ಅಂತ ಅಷ್ಟೇ ವೇಗವಾಗಿ ಏರುವುದಿಲ್ಲ. ಹಾಗಾಗಿ ಬೆಲೆಯ ಏರಿಕೆಯಲ್ಲಿ ದೊಡ್ಡ ಪಾಲು ನೇರ ಲಾಭಕ್ಕೆ ಹೋಗುತ್ತದೆ. ಇಳಿಯುವಾಗಲೂ ಇದೇ ಲೆಕ್ಕ, ಅಷ್ಟೇ ನಿರ್ದಯವಾಗಿ.

ಮುಂದೇನಾಯಿತು? 2022ರ ಮೇನಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ ಶೇ 15 ಸುಂಕ ಹಾಕಿತು. ಮರುವಾರ ಮಾರುಕಟ್ಟೆ ತೆರೆದ ಮೊದಲ ದಿನವೇ ಷೇರು ಶೇ 10ಕ್ಕೂ ಹೆಚ್ಚು ಕುಸಿಯಿತು. ಜೂನ್ ಕೊನೆಗೆ 90ಕ್ಕಿಂತ ಕೆಳಗೆ. 2022-23ರ ಲಾಭ ಸುಮಾರು 8,075 ಕೋಟಿಗೆ ಬಂದು ನಿಂತಿತು. 2023ರ ಮಾರ್ಚ್‌ನಲ್ಲಿ ಷೇರು 105ರ ಆಸುಪಾಸು, ಪಿಇ ಸುಮಾರು 16. ಗಮನಿಸಿದಿರಾ? ಬೆಲೆ ಸುಮಾರು ಐದನೇ ಒಂದು ಪಾಲು ಇಳಿದಿದೆ, ಪಿಇ ನಾಲ್ಕು ಪಟ್ಟು ಏರಿದೆ. ಅಗ್ಗ ಅಂತ ಕೊಂಡವನ ಕೈಯಲ್ಲಿ ನಷ್ಟವೂ ಇದೆ, ತೆರೆಯ ಮೇಲೆ ‘ದುಬಾರಿ’ ಆಗಿರುವ ಷೇರೂ ಇದೆ.

ಇದರ ಇನ್ನೊಂದು ತುದಿ ಇನ್ನೂ ಸ್ವಾರಸ್ಯ. 2020ರ ಏಪ್ರಿಲ್‌ನಿಂದ ಜೂನ್, ಲಾಕ್‌ಡೌನ್ ತ್ರೈಮಾಸಿಕ. ಕಂಪನಿಗೆ 4,600 ಕೋಟಿಗೂ ಹೆಚ್ಚು ನಷ್ಟ. ಫಲಿತಾಂಶ ಬಂದ ಮೇಲೆ ಹಿಂದಿನ ಹನ್ನೆರಡು ತಿಂಗಳ ಒಟ್ಟು ಲೆಕ್ಕವೇ ನಷ್ಟಕ್ಕೆ ಹೋಯಿತು. ನಷ್ಟಕ್ಕೆ ಪಿಇ ಇರುವುದಿಲ್ಲ, ಆ್ಯಪ್‌ನಲ್ಲಿ ಸುಮ್ನೆ ಒಂದು ಗೆರೆ ಕಾಣುತ್ತದೆ. ಕಡಿಮೆ ಪಿಇ ಅಂತ ಫಿಲ್ಟರ್ ಹಾಕಿ ಹುಡುಕಿದವರಿಗೆ ಆ ಹೊತ್ತಿನಲ್ಲಿ ಈ ಷೇರು ಪಟ್ಟಿಯಲ್ಲೇ ಸಿಕ್ಕಿರಲಾರದು. ಆಗ ಬೆಲೆ ಸುಮಾರು 40. ಎರಡು ವರ್ಷದೊಳಗೆ ಅದು 130!

ಹಾಗಂತ ‘ಪಿಇ ಇಲ್ಲದ ಷೇರು ಕೊಳ್ಳಿ’ ಅಂತ ನಿಯಮ ಮಾಡಿಕೊಳ್ಳಬೇಡಿ. ನಷ್ಟದಲ್ಲೇ ಮುಳುಗಿಹೋದ ಕಂಪನಿಗಳಿಗೂ ಪಿಇ ಇರುವುದಿಲ್ಲ. ನಾನು ಮಾಡುವುದು ಇಷ್ಟು. ಕಂಪನಿಯ ಹತ್ತು ವರ್ಷದ ನಿವ್ವಳ ಲಾಭದ ಸಾಲನ್ನು ನೋಡುತ್ತೇನೆ. ಅದು ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಒಂದು ವರ್ಷದ ಪಿಇಯನ್ನು ಪಕ್ಕಕ್ಕಿಟ್ಟು, ಹಲವು ವರ್ಷಗಳ ಸರಾಸರಿ ಲಾಭದಿಂದ ಭಾಗಿಸುತ್ತೇನೆ. ಮೇಲಿನ ನಾಲ್ಕು ವರ್ಷಗಳ ಸರಾಸರಿ ಸುಮಾರು 15,000 ಕೋಟಿ. 1.6 ಲಕ್ಷ ಕೋಟಿಗೆ ಹಿಡಿದರೆ ಪಿಇ 10ಕ್ಕಿಂತ ಮೇಲೆ. ಆ ಸುಗ್ಗಿಯ ವರ್ಷ ಬಿಟ್ಟು ಮೊದಲ ಮೂರನ್ನು ಮಾತ್ರ ಹಿಡಿದರೆ 26. ನಾಲ್ಕೇ ವರ್ಷ ಸಾಲದು, ಏಳೆಂಟು ಇದ್ದರೆ ಒಳ್ಳೆಯದು. ಆದರೂ 4 ಅನ್ನುವ ಅಂಕಿಯನ್ನು ಮಾರುಕಟ್ಟೆ ನಂಬಿರಲಿಲ್ಲ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಲಾಭ ಏರಿಳಿಯದ ಕಂಪನಿಯಲ್ಲೂ ಪಿಇ ಒಮ್ಮೊಮ್ಮೆ ಮೋಸ ಮಾಡುತ್ತದೆ. ಐಟಿಸಿ 2025ರ ಜನವರಿಯಲ್ಲಿ ಹೋಟೆಲ್ ವ್ಯವಹಾರವನ್ನು ಬೇರ್ಪಡಿಸಿ, ಹೊಸ ಕಂಪನಿಯ ಶೇ 60 ಪಾಲನ್ನು ನೇರವಾಗಿ ಷೇರುದಾರರಿಗೆ ಹಂಚಿತು. ಮಾರ್ಚ್ ತ್ರೈಮಾಸಿಕದ ಲಾಭ ಸುಮಾರು 19,800 ಕೋಟಿ ಅಂತ ಬಂತು. ಅದರ ಹಿಂದಿನ ಮೂರೂ ತ್ರೈಮಾಸಿಕಗಳಲ್ಲಿ ಬಂದದ್ದು ತಲಾ 5,000 ಕೋಟಿಯಷ್ಟು. ವ್ಯತ್ಯಾಸ ಎಲ್ಲಿಂದ ಬಂತು? ಪುಸ್ತಕದಲ್ಲಿ ಕಡಿಮೆ ಮೌಲ್ಯಕ್ಕೆ ಬರೆದಿಟ್ಟಿದ್ದ ಹೋಟೆಲ್‌ಗಳನ್ನು ಹಂಚುವಾಗ ಮಾರುಕಟ್ಟೆ ಮೌಲ್ಯಕ್ಕೆ ಲೆಕ್ಕ ಹಾಕಬೇಕು. ಆ ಅಂತರ, ಸುಮಾರು 15,000 ಕೋಟಿ, ಲಾಭ ಅಂತ ದಾಖಲಾಯಿತು. ಇದರಿಂದ ಕಂಪನಿಗೆ ನಗದು ಬಂದಿಲ್ಲ. ಆಸ್ತಿ ಕೈಬಿಟ್ಟು ಹೋಗಿದೆ ಅಷ್ಟೇ.

ವರ್ಷದ ಲಾಭ ಸುಮಾರು 35,000 ಕೋಟಿ ಅಂತ ಹಿಡಿದು, ಷೇರಿನ ಬೆಲೆ 420ರ ಆಸುಪಾಸು ಇದ್ದಾಗ ಭಾಗಿಸಿದರೆ ಪಿಇ ಸುಮಾರು 15. ಆ ಪುಸ್ತಕದ ಲಾಭವನ್ನು ತೆಗೆದರೆ ಸುಮಾರು 26. ಹನ್ನೆರಡು ತಿಂಗಳ ಲೆಕ್ಕ ಅಂದರೆ ಕೊನೆಯ ನಾಲ್ಕು ತ್ರೈಮಾಸಿಕಗಳ ಮೊತ್ತ. ಹಾಗಾಗಿ ಇಂಥದ್ದು ಒಮ್ಮೆ ಸೇರಿಕೊಂಡರೆ ಒಂದು ವರ್ಷ ಅಲ್ಲೇ ಕೂತಿರುತ್ತದೆ. ಆಮೇಲೆ ಆ ತ್ರೈಮಾಸಿಕ ಲೆಕ್ಕದಿಂದ ಬಿದ್ದುಹೋದ ದಿನ ಪಿಇ ಇದ್ದಕ್ಕಿದ್ದಂತೆ ಏರುತ್ತದೆ. ವ್ಯವಹಾರದಲ್ಲಿ ಏನೂ ಬದಲಾಗಿರುವುದಿಲ್ಲ. ಪತ್ತೆ ಮಾಡುವುದು ಸುಲಭ. ಫಲಿತಾಂಶದ ಹಾಳೆಯಲ್ಲಿ ‘Exceptional items’ ಮತ್ತು ‘Discontinued operations’ ಎಂಬ ಸಾಲುಗಳು ಇರುತ್ತವೆ. ಅಲ್ಲಿ ದೊಡ್ಡ ಅಂಕಿ ಕಂಡರೆ ಅದನ್ನು ಕಳೆದು ನೀವೇ ಭಾಗಿಸಿ.

ಇನ್ನು ಜಾಸ್ತಿ ಪಿಇಯ ಕಥೆ. 60-70 ಇದೆ ಅಂದ ಮಾತ್ರಕ್ಕೆ ಕೆಟ್ಟ ಷೇರು ಅಂತಲ್ಲ. ಆದರೆ ಕಂಪನಿ ಚೆನ್ನಾಗಿ ಬೆಳೆದರೂ ನೀವು ಸೋಲಬಹುದು. ನಮ್ಮ ಬೆಂಗಳೂರಿನ ಇನ್ಫೊಸಿಸ್ 2000ದ ಮಾರ್ಚ್‌ನಲ್ಲಿ ಹತ್ತು ಸಾವಿರ ರೂಪಾಯಿ ದಾಟಿತ್ತು. ಆ ವರ್ಷದ ಲಾಭ ಸುಮಾರು 293 ಕೋಟಿ, ಪಿಇ 200ಕ್ಕೂ ಮೇಲೆ. ಮರುವರ್ಷ ಲಾಭ 629 ಕೋಟಿಗೆ, ಅಂದರೆ ದುಪ್ಪಟ್ಟಿಗೂ ಮೇಲೆ ಹೋಯಿತು. ಅಂಥ ಬೆಳವಣಿಗೆ ಅಪರೂಪ. ಆದರೂ 2001ರ ಕೊನೆಯಲ್ಲಿ ಷೇರು ಆ ಬೆಲೆಯ ಅರ್ಧವೂ ಇರಲಿಲ್ಲ. ಲಾಭ ಎರಡು ಪಟ್ಟಾಗುತ್ತದೆ ಅನ್ನುವುದನ್ನು, ಅದಕ್ಕಿಂತ ಎಷ್ಟೋ ಜಾಸ್ತಿಯನ್ನೂ, ಕೊಂಡವರು ಮೊದಲೇ ಬೆಲೆಯಲ್ಲಿ ಕೊಟ್ಟುಬಿಟ್ಟಿದ್ದರು.

ನಿಮ್ಮ ಆ್ಯಪ್ ಬಗ್ಗೆ ಒಂದು ಮಾತು. ಒಂದೇ ಷೇರಿಗೆ ಎರಡು ಆ್ಯಪ್‌ಗಳು ಬೇರೆ ಬೇರೆ ಪಿಇ ತೋರಿಸಿದರೆ ಗಾಬರಿ ಬೇಡ. ಒಂದು ಬರೀ ಮೂಲ ಕಂಪನಿಯ ಲಾಭ ಹಿಡಿದಿರುತ್ತದೆ, ಇನ್ನೊಂದು ಅಂಗಸಂಸ್ಥೆಗಳನ್ನೂ ಸೇರಿಸಿದ ಲಾಭ. ಎನ್‌ಎಸ್‌ಇ ಕೂಡ 2021ರ ಮಾರ್ಚ್ ಕೊನೆಯವರೆಗೆ ನಿಫ್ಟಿಯ ಪಿಇಯನ್ನು ಮೊದಲನೆಯ ಲೆಕ್ಕದಲ್ಲಿ ಕೊಡುತ್ತಿತ್ತು. ಎರಡನೆಯದಕ್ಕೆ ಬದಲಾಯಿಸಿದಾಗ ಅಂಕಿ 40ರಿಂದ 33ರ ಹತ್ತಿರಕ್ಕೆ ಇಳಿಯಿತು. ‘ನಿಫ್ಟಿ ಹಿಂದೆಂದಿಗಿಂತ ಅಗ್ಗ’ ಅಂತ ಯಾರಾದರೂ ಇಪ್ಪತ್ತು ವರ್ಷದ ಪಿಇ ಚಾರ್ಟ್ ಕಳಿಸಿದರೆ, 2021ರ ಆ ಮೆಟ್ಟಿಲನ್ನು ಸರಿಪಡಿಸಿದ್ದಾರೋ ಇಲ್ಲವೋ ಅಂತ ಮೊದಲು ಕೇಳಿ.