ಬೋನಸ್, ಸ್ಪ್ಲಿಟ್, ಬೈಬ್ಯಾಕ್: ಷೇರುದಾರನ ಕೈಯಲ್ಲಿ ನಿಜವಾಗಿ ಬದಲಾಗುವುದೇನು?

ಪ್ರಶ್ನೆ: "1:1 ಬೋನಸ್ ಬಂದರೆ ನನ್ನ ಹಣ ದುಪ್ಪಟ್ಟಾಗುತ್ತದೆಯೇ? ಸ್ಪ್ಲಿಟ್ ಆದರೂ ಷೇರು ಎರಡರಷ್ಟಾಗುತ್ತದಲ್ಲ, ಹಾಗಾದರೆ ವ್ಯತ್ಯಾಸವೇನು? ಬೈಬ್ಯಾಕ್‌ನಲ್ಲಿ ಪೇಟೆಗಿಂತ ಹೆಚ್ಚು ಬೆಲೆ ಕೊಡುತ್ತಾರೆಂದರೆ ಕೊಟ್ಟುಬಿಡುವುದು ಒಳ್ಳೆಯದೇ?"

ಹಣ ದುಪ್ಪಟ್ಟಾಗುವುದಿಲ್ಲ. 1:1 ಬೋನಸ್ ಎಂದರೆ ಇರುವ ಪ್ರತಿ ಷೇರಿಗೆ ಇನ್ನೊಂದು ಷೇರು ಪುಕ್ಕಟೆ. ಅದನ್ನು ನೀಡುವಾಗ ಕಂಪನಿಯು ತನ್ನ ಮೀಸಲು ನಿಧಿಯ ಒಂದು ಭಾಗವನ್ನು ಲೆಕ್ಕಪುಸ್ತಕದಲ್ಲಿ ಷೇರು ಬಂಡವಾಳಕ್ಕೆ ವರ್ಗಾಯಿಸುತ್ತದೆ. ಷೇರಿನ ಮುಖಬೆಲೆ ಹಾಗೆಯೇ ಉಳಿಯುತ್ತದೆ. ಸ್ಪ್ಲಿಟ್‌ನಲ್ಲಿ ಮೀಸಲು ನಿಧಿಯನ್ನು ಮುಟ್ಟುವುದಿಲ್ಲ, 10 ರೂಪಾಯಿ ಮುಖಬೆಲೆಯ ಒಂದು ಷೇರು 5 ರೂಪಾಯಿಯ ಎರಡು ಷೇರುಗಳಾಗುತ್ತದೆ. ಎರಡರಲ್ಲೂ ಕಂಪನಿಯಲ್ಲಿ ನಿಮ್ಮ ಪಾಲು ಮೊದಲಿನಷ್ಟೇ ಇರುತ್ತದೆ ಮತ್ತು ಷೇರಿನ ಬೆಲೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬೆಲೆ ಇಳಿಯುವ ದಿನಕ್ಕೂ ಹೊಸ ಷೇರುಗಳು ಡಿಮ್ಯಾಟ್ ಖಾತೆಗೆ ಬರುವ ದಿನಕ್ಕೂ ಸ್ವಲ್ಪ ಅಂತರವಿರುವುದರಿಂದ, ನಡುವಿನ ದಿನಗಳಲ್ಲಿ ಖಾತೆಯ ಮೌಲ್ಯ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ತಂದೆಯವರು ಇದನ್ನು ಕಂಡು ಗಾಬರಿಯಾಗಿ ಇದ್ದ ಷೇರುಗಳನ್ನೆಲ್ಲ ಮಾರಲು ಹೊರಟಿದ್ದರು, ಆದ್ದರಿಂದ ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ.

ನಿಜವಾದ ವ್ಯತ್ಯಾಸವಿರುವುದು ಆದಾಯ ತೆರಿಗೆಯ ಲೆಕ್ಕದಲ್ಲಿ. ನೀವು ತಲಾ 600 ರೂಪಾಯಿಗೆ 100 ಷೇರು ಕೊಂಡಿದ್ದೀರಿ ಎಂದುಕೊಳ್ಳಿ. ಒಂದಕ್ಕೆ ಎರಡರಂತೆ ಸ್ಪ್ಲಿಟ್ ಆದರೆ ನಿಮ್ಮ ಬಳಿ ತಲಾ 300 ರೂಪಾಯಿ ವೆಚ್ಚದ 200 ಷೇರುಗಳಿರುತ್ತವೆ, ಕೊಂಡ ದಿನಾಂಕವೂ ಹಳೆಯದೇ. 1:1 ಬೋನಸ್ ಆದರೆ ಹಳೆಯ 100 ಷೇರುಗಳ ವೆಚ್ಚ ತಲಾ 600 ಆಗಿಯೇ ಉಳಿಯುತ್ತದೆ, ಹೊಸ 100ರ ವೆಚ್ಚ ಸೊನ್ನೆ, ಮತ್ತು ಅವುಗಳ ಅವಧಿ ಹಂಚಿಕೆಯಾದ ದಿನದಿಂದ ಶುರುವಾಗುತ್ತದೆ. ಈಗ 500 ರೂಪಾಯಿಯಂತೆ 100 ಷೇರು ಮಾರಿದಿರಿ ಎನ್ನೋಣ. ಡಿಮ್ಯಾಟ್‌ನಲ್ಲಿ ಮೊದಲು ಬಂದದ್ದೇ ಮೊದಲು ಹೋಗುವುದರಿಂದ, ಸ್ಪ್ಲಿಟ್ ಆಗಿದ್ದರೆ 20,000 ರೂಪಾಯಿ ಲಾಭ, ಬೋನಸ್ ಆಗಿದ್ದರೆ 10,000 ರೂಪಾಯಿ ನಷ್ಟ. ಆದರೆ ಆ ನಷ್ಟ ಪುಕ್ಕಟೆಯಲ್ಲ: ಉಳಿದ 100 ಬೋನಸ್ ಷೇರುಗಳನ್ನು ಮಾರಿದ ದಿನ ಬರುವ ಹಣವೆಲ್ಲವೂ ಲಾಭವೆಂದೇ ಎಣಿಕೆಯಾಗುತ್ತದೆ, ಹಂಚಿಕೆಯಾಗಿ 12 ತಿಂಗಳು ತುಂಬುವ ಮೊದಲೇ ಮಾರಿದರೆ ಅಲ್ಪಾವಧಿಯ ದರವೂ ಬೀಳುತ್ತದೆ. ಈ ನಷ್ಟಕ್ಕಾಗಿಯೇ ರೆಕಾರ್ಡ್ ಡೇಟ್‌ಗೆ, ಅಂದರೆ ಯಾರು ಷೇರುದಾರರೆಂದು ಕಂಪನಿ ಪಟ್ಟಿ ನೋಡುವ ದಿನಕ್ಕೆ, ಮುಂಚಿನ ಮೂರು ತಿಂಗಳೊಳಗೆ ಷೇರು ಕೊಂಡು, ಅದಾದ ಒಂಬತ್ತು ತಿಂಗಳೊಳಗೆ ಹಳೆಯ ಷೇರುಗಳನ್ನು ಮಾರಿದರೆ ಕಾನೂನು ಆ ನಷ್ಟವನ್ನು ಒಪ್ಪುವುದಿಲ್ಲ. ಅದನ್ನು ಬೋನಸ್ ಷೇರುಗಳ ವೆಚ್ಚಕ್ಕೆ ಸೇರಿಸುತ್ತದೆ.

ಬೈಬ್ಯಾಕ್ ಬೇರೆಯೇ ಜಾತಿಯದು, ಏಕೆಂದರೆ ಇಲ್ಲಿ ಕಂಪನಿಯಿಂದ ನಿಜವಾದ ನಗದು ಹೊರಹೋಗುತ್ತದೆ. ಬೆಂಗಳೂರಿನ ಇನ್ಫೋಸಿಸ್ 2025ರಲ್ಲಿ 18,000 ಕೋಟಿ ರೂಪಾಯಿ ವೆಚ್ಚದಲ್ಲಿ, ತಲಾ 1,800 ರೂಪಾಯಿಗೆ, 10 ಕೋಟಿ ಷೇರುಗಳನ್ನು ಹಿಂದೆ ಕೊಳ್ಳಲು ಮುಂದಾಯಿತು. ಅದು ಒಟ್ಟು ಷೇರುಗಳ ಸುಮಾರು ಶೇ 2.41. ಆಗ ಪೇಟೆಯ ಬೆಲೆ 1,500ರ ಆಸುಪಾಸಿನಲ್ಲಿತ್ತು. ಮುನ್ನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಅನೇಕರು ಹಿಗ್ಗಿದರು, ಆದರೆ ಎರಡು ವಿಷಯಗಳು ಅವರ ಗಮನಕ್ಕೆ ಬರಲಿಲ್ಲ.

ಮೊದಲನೆಯದು, ಕೊಟ್ಟ ಷೇರುಗಳನ್ನೆಲ್ಲ ಕಂಪನಿ ತೆಗೆದುಕೊಳ್ಳುತ್ತದೆಂಬ ಖಾತ್ರಿಯಿಲ್ಲ. ರೆಕಾರ್ಡ್ ಡೇಟ್‌ನಂದು ಎರಡು ಲಕ್ಷ ರೂಪಾಯಿಯವರೆಗಿನ ಷೇರು ಹೊಂದಿದ್ದ ಸಣ್ಣ ಷೇರುದಾರರಿಗೆ ಪ್ರತಿ 11ಕ್ಕೆ 2ರಂತೆ ಹಕ್ಕಿತ್ತು. ಉಳಿದವರಿಗೆ 706ಕ್ಕೆ 17 ಮಾತ್ರ. ಅಂದರೆ 110 ಷೇರು ಇದ್ದ ಸಣ್ಣ ಷೇರುದಾರನಿಗೆ ಖಚಿತವಾಗಿದ್ದದ್ದು 20 ಷೇರು. ಇತರರು ಕೊಡದೆ ಬಿಟ್ಟರೆ ಅದಕ್ಕಿಂತ ಹೆಚ್ಚು ಸ್ವೀಕಾರವಾಗಬಹುದು.

ಎರಡನೆಯದು ತೆರಿಗೆ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದು ಈ ಬೈಬ್ಯಾಕ್‌ಗೂ ಅನ್ವಯಿಸಿದ ನಿಯಮದ ಪ್ರಕಾರ, ಸಿಕ್ಕಿದ ಹಣವೆಲ್ಲವೂ ಲಾಭಾಂಶವೆಂದೇ ಎಣಿಕೆಯಾಗುತ್ತಿತ್ತು. ಆ 20 ಷೇರುಗಳಿಗೆ ಬಂದ 36,000 ರೂಪಾಯಿಗೆ ಶೇ 30ರ ದರದವರು ಸೆಸ್ ಬಿಟ್ಟು 10,800 ತೆರಬೇಕಿತ್ತು. ಕೈಗೆ ಉಳಿಯುತ್ತಿದ್ದದ್ದು 25,200, ಅಂದರೆ ಷೇರಿಗೆ 1,260. ಪೇಟೆಯಲ್ಲಿ ಮಾರಿದ್ದರೆ 1,500 ಸಿಗುತ್ತಿತ್ತು, ವರ್ಷ ದಾಟಿದ ಷೇರಾಗಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೂ ಇರಲಿಲ್ಲ. ಬೈಬ್ಯಾಕ್‌ಗೆ ಕೊಟ್ಟ ಷೇರುಗಳ ಖರೀದಿ ವೆಚ್ಚವು ಬಂಡವಾಳ ನಷ್ಟವಾಗಿ ದಾಖಲಾಗುತ್ತಿತ್ತು, ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದಿತ್ತು. ಆದರೆ ಬೇರೆ ಬಂಡವಾಳ ಲಾಭವಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತಿತ್ತು. ಹಾಗಾಗಿ ತೆರಿಗೆ ಮಿತಿಯೊಳಗಿರುವ ನಿವೃತ್ತರಿಗೆ ಕೊಡುವುದು ಲಾಭಕರವಾಗಿತ್ತು, ದೊಡ್ಡ ಸಂಬಳದವರಿಗೆ ಅಲ್ಲ ಎಂಬುದು ನನ್ನ ಎಣಿಕೆ. ತೆರಿಗೆ ನಿಯಮಗಳು ಬದಲಾಗುತ್ತಲೇ ಇರುವುದರಿಂದ, ನಿಮ್ಮ ಮುಂದಿರುವ ಬೈಬ್ಯಾಕ್‌ನ ದಿನಾಂಕಕ್ಕೆ ಯಾವ ನಿಯಮವಿದೆ ಎಂದು ನೋಡಿ ಇದೇ ಲೆಕ್ಕವನ್ನು ಮತ್ತೆ ಹಾಕಿ.

ಷೇರು ಕೊಡದೆ ಉಳಿದವರ ಪಾಲು ಸುಮಾರು ಶೇ 2.5ರಷ್ಟು ಹಿಗ್ಗುತ್ತದೆ, ಅಂದರೆ 100 ಇದ್ದದ್ದು 102.5ರಷ್ಟು. ಆದರೆ ಅದು 18,000 ಕೋಟಿ ನಗದು ಕಡಿಮೆಯಾದ ಕಂಪನಿಯಲ್ಲಿನ ಪಾಲು, ಆ ಹಣದ ಮೇಲೆ ಬರುತ್ತಿದ್ದ ಬಡ್ಡಿಯೂ ಇನ್ನಿಲ್ಲ.