ಗಡ್ಡದ ಕಪ್ಪಿಗೆ ಅಕ್ಕನ ಕ್ರೀಮ್ ಬೇಡ

"ನಾನು ಟ್ರಾನ್ಸ್ ಮಹಿಳೆ, ಊರು ಮಂಜೇಶ್ವರದ ಹತ್ತಿರ. ಶೇವ್ ಮಾಡಿದರೂ ಗಲ್ಲದಲ್ಲಿ ಕಪ್ಪು ಉಳಿಯುತ್ತದೆ. ಅಕ್ಕ ಬೆಳ್ಳಗಾಗಲು ಹಚ್ಚುವ ಕ್ರೀಮನ್ನು ನಾನೂ ಹಚ್ಚಬಹುದಾ?"

ಬೇಡ. ನಾನೂ ಅಕ್ಕನ ಟ್ಯೂಬಿನಿಂದಲೇ ಶುರು ಮಾಡಿದ್ದು. ಬದಿಯಡ್ಕದ ನಮ್ಮ ಮನೆಯಲ್ಲಿ ಆಗ ಅವಳಿಗೆ ಗಂಡು ನೋಡುತ್ತಿದ್ದರು. ಬಂದವರೊಬ್ಬರು "ಹುಡುಗಿ ಸ್ವಲ್ಪ ಕಪ್ಪು" ಅಂದು ಹೋದರು. ಮರುದಿನವೇ ಅವಳು ಡಾಕ್ಟರ ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ಅದನ್ನು ತಂದಳು. ಅವಳಿಗೆ ಚಂದ ಸಾಲದು ಅಂದರು, ಹೆಣ್ಣಲ್ಲ ಅಂತ ಯಾರೂ ಅನ್ನಲಿಲ್ಲ. ನಾನು ಮಂಗಳೂರು ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತರೆ ಎಲ್ಲರ ಕಣ್ಣು ಗಲ್ಲದ ಮೇಲೆ. ಚಂದ ಆಮೇಲಿನ ಮಾತು, ಮೊದಲು ಅಲ್ಲಿ ಕೂರಲು ಬಿಡಬೇಕಲ್ವಾ? ಆ ಹೆದರಿಕೆಯಲ್ಲಿ ಅವಳಿಗಿಂತ ಜಾಸ್ತಿ ಹಚ್ಚಿದೆ. ಶೇವ್ ಆದ ಕೂಡಲೇ ಒಂದು ಸಲ, ಮಲಗುವಾಗ ಮತ್ತೊಂದು ಸಲ.

ನಾನು ತಪ್ಪಿದ್ದು ಇಲ್ಲೇ. ಗಡ್ಡದ ಕಪ್ಪು ಚರ್ಮದ ಬಣ್ಣ ಅಂದುಕೊಂಡೆ. ಅದರಲ್ಲಿ ಹೆಚ್ಚಿನ ಪಾಲು ಚರ್ಮದ ಒಳಗೆ ಉಳಿದ ಕೂದಲಿನ ಬುಡ, ಮೇಲಿನಿಂದ ನೆರಳಿನ ಹಾಗೆ ಕಾಣುತ್ತದೆ. ಮೇಲಿನ ಚರ್ಮ ಬೆಳ್ಳಗಾದಷ್ಟೂ ಅದು ಎದ್ದು ಕಾಣುತ್ತದೆ. ಟ್ಯೂಬಿನಲ್ಲಿ ಇದ್ದದ್ದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ಬಂಗು ಎಂಬ ಮುಖದ ಕಂದು ಕಲೆಗೆ ಡಾಕ್ಟರು ಕೆಲವೇ ವಾರ ಕೊಡುವ ಔಷಧಿ ಅದು. ತುಂಬಾ ದಿನ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳು ಮಾಡುತ್ತದೆ, ಕೆಂಪು ರಕ್ತನಾಳ ಕಾಣಿಸುತ್ತವೆ, ಮೊಡವೆ ಏಳುತ್ತದೆ. ಮುಖದಲ್ಲಿ ಕೂದಲೂ ಬೆಳೆಯಬಹುದು. ಅಕ್ಕನ ಕೆನ್ನೆಯಲ್ಲಿ ಹೊಸ ರೋಮ ಬಂತು. ಅವಳಿಗೆ ಅದು ನಾಚಿಕೆ. ನನಗೆ ಯಾವುದರಿಂದ ಓಡುತ್ತಿದ್ದೆನೋ ಅದೇ. ನಿಲ್ಲಿಸಿದ ಮೇಲೆ ಮುಖ ಉರಿದು ಕೆಂಪಾಯಿತು. ಕೂದಲು ತೆಗೆಸುವ ಲೇಸರ್‌ಗೆ ಹೋದಾಗ ಡಾಕ್ಟರು, ಚರ್ಮ ಮೊದಲು ಸುಧಾರಿಸಲಿ ಅಂತ ಮುಂದೂಡಿದರು.

ಹಾಗಾಗಿ ಕ್ರೀಮನ್ನೇ ಹುಡುಕಬೇಡಿ, ಕೂದಲಿಗೆ ಕೈ ಹಾಕಿ. ಹಾರ್ಮೋನು ಮಾತ್ರೆ ತಗೊಂಡರೂ ಬಂದ ಗಡ್ಡ ಪೂರ್ತಿ ಹೋಗುವುದಿಲ್ಲ. ಲೇಸರಿನ ಬೆಳಕು ಬುಡದ ಕಪ್ಪನ್ನು ಹಿಡಿದು ಸುಡುತ್ತದೆ. ನಮ್ಮಂಥ ಕಂದು ಚರ್ಮದಲ್ಲೂ ಕಪ್ಪು ಇರುವುದರಿಂದ ಸುಟ್ಟ ಕಲೆ ಬೀಳಬಹುದು. ಅದಕ್ಕೇ 1064 ನ್ಯಾನೋಮೀಟರಿನ ಎನ್‌ಡಿ ಯಾಗ್ ಯಂತ್ರ ಇದೆಯಾ ಅಂತ ಕೇಳಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು. ಗಡ್ಡಕ್ಕೆ ಎಂಟಕ್ಕಿಂತ ಹೆಚ್ಚು ಸಲವೂ ಬೇಕಾಗಬಹುದು. ಅಲ್ಲಿಯವರೆಗೆ ಥ್ರೆಡಿಂಗ್, ವ್ಯಾಕ್ಸಿಂಗ್ ಬೇಡ, ಬುಡವೇ ಕಿತ್ತು ಬಂದರೆ ಲೇಸರ್‌ಗೆ ಹಿಡಿಯಲು ಏನೂ ಇರುವುದಿಲ್ಲ. ಶೇವ್ ಮಾಡಬಹುದು. ಬಿಳಿ ಕೂದಲಿಗೆ ಲೇಸರ್ ನಾಟುವುದಿಲ್ಲ, ಅದಕ್ಕೆ ಒಂದೊಂದು ಬುಡಕ್ಕೂ ಸೂಜಿಯಿಂದ ಕರೆಂಟು ಕೊಡುವ ಎಲೆಕ್ಟ್ರಾಲಿಸಿಸ್ ಬೇಕು.

ನಾಳೆಯೇ ಬಸ್ಸಿಗೆ ಹೋಗಬೇಕಾದರೆ, ಫೌಂಡೇಶನ್ ಅಡಿಯಲ್ಲಿ ಕಿತ್ತಳೆ ಬಣ್ಣದ ಕರೆಕ್ಟರ್ ತೆಳ್ಳಗೆ ತಟ್ಟಿ. ನೀಲಿ ನೆರಳು ಅಡಗುತ್ತದೆ. ನಿಮ್ಮ ಅಕ್ಕನ ಟ್ಯೂಬನ್ನೂ ತಿರುಗಿಸಿ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೆ ಅವರನ್ನೂ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.