ಎ4 ಪಿಡಿಎಫ್‌ನಿಂದ ಎ0 ಪೋಸ್ಟರ್: ಎಷ್ಟು ಡಿಪಿಐ?

"ಕಲಬುರಗಿ ಶರಣಬಸವೇಶ್ವರ ಜಾತ್ರೆಗೆ ಎ0 ಪೋಸ್ಟರ್ ಹಾಕಿಸಬೇಕು. ನನ್ನ ಹತ್ರ ಇರೋದು ಎ4 ಪಿಡಿಎಫ್. ಇಮೇಜ್ ಮಾಡುವಾಗ ಎಷ್ಟು ಡಿಪಿಐ ಇಡಲಿ?"

600 ಇಡಿ. ಎ4ರ ಅಗಲ, ಉದ್ದ ಎರಡೂ ನಾಲ್ಕು ಪಟ್ಟಾದರೆ ಎ0 ಆಗುತ್ತದೆ. ಹಾಗಾಗಿ 600 ಡಿಪಿಐ ಪೋಸ್ಟರ್ ಮೇಲೆ 150ಕ್ಕೆ ಇಳಿಯುತ್ತದೆ. ದೂರ ನಿಂತು ನೋಡುವ ಪೋಸ್ಟರ್‌ಗೆ ಅಷ್ಟು ಸಾಕು. ಮೊದಲ ಪುಟಕ್ಕೆ ಈ ಕಮಾಂಡ್ ಕೊಡಿ:

```
pdftoppm -r 600 -f 1 -l 1 -png jatre.pdf poster
```

ಸುಮಾರು 4960 × 7016 ಪಿಕ್ಸೆಲ್ ಬರಬೇಕು, ಅದನ್ನು ನೋಡಿಕೊಳ್ಳಿ. 72 ಡಿಪಿಐ ಇಮೇಜ್ ತೆಗೆದು, ಆಮೇಲೆ ಸುಮ್ನೆ ಅಂಕಿಯನ್ನು 300 ಮಾಡಿದರೆ ಪಿಕ್ಸೆಲ್ ಜಾಸ್ತಿ ಆಗುವುದಿಲ್ಲ.

ಫಾಂಟ್‌ನಲ್ಲಿರುವ ಅಕ್ಷರಗಳು ಪಿಡಿಎಫ್‌ನಲ್ಲಿ ಎಷ್ಟು ಹಿಗ್ಗಿಸಿದರೂ ಚೂಪಾಗಿಯೇ ಬರುತ್ತವೆ. ಫೋಟೋ ಹಾಗಲ್ಲ. ಪಿಡಿಎಫ್ ಅನ್ನು 400% ಜೂಮ್ ಮಾಡಿ ನೋಡಿ. ಗುಡಿಯ ಫೋಟೋ ಅಲ್ಲೇ ಮಸುಕಾಗಿದ್ದರೆ ಯಾವ ಡಿಪಿಐ ಇಟ್ಟರೂ ಸರಿಹೋಗುವುದಿಲ್ಲ, ಡಿಸೈನ್ ಮಾಡಿದವರಿಂದ ಮೂಲ ಫೋಟೋ ತರಿಸಿ. ಪ್ರಿಂಟ್ ಅಂಗಡಿಯವರು ಪಿಡಿಎಫ್ ಅನ್ನೇ ತಗೊಂಡರೆ ಇನ್ನೂ ಒಳ್ಳೆಯದು.